ಟ್ಯೂಬಿನ ಉದ್ದ ಎಷ್ಟು ಅಂತ ಯಾರಾದರೂ ಕೇಳಿದರಾ?

ಪ್ರಶ್ನೆ: ಸರ್, ನಾನಿರೋದು ಪುಣೆ ಪಕ್ಕದ ಚಿಂಚವಡದಲ್ಲಿ, ಊರು ಗದಗ. ದೀಪಾವಳಿ ಹೊತ್ತಿಗೆ ಒಂದು ಹಳೆ ಟೆಲಿಸ್ಕೋಪ್ ಕೊಂಡೆ. ಡಬ್ಬದ ಮೇಲೆ 127 ಮಿ.ಮೀ., 1000 ಮಿ.ಮೀ. ಅಂತಿದೆ. ಚಂದ್ರ ಪರವಾಗಿಲ್ಲ, ಆದರೆ ಗುರು ಗ್ರಹ ಹತ್ತಿ ಉಂಡೆ ಥರ ಕಾಣುತ್ತೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಒಬ್ಬರು ಕನ್ನಡಿ ಬಿಚ್ಚಿ ತೊಳೀರಿ ಅಂದ್ರು, ಇನ್ನೊಬ್ಬರು ಲೇಸರ್ ಕೊಂಡು ಕೊಲಿಮೇಶನ್ ಮಾಡಿ ಅಂದ್ರು, ಮೂರನೆಯವರು ಮಾರಿಬಿಡಿ ಅಂದ್ರು. ಯಾರ ಮಾತು ನಂಬಲಿ? ಒಳ್ಳೆ ಫೋರಂ ಯಾವುದು? ಅದು ಒಳ್ಳೆಯದು ಅಂತ ನನ್ನಂಥ ಹೊಸಬನಿಗೆ ಗೊತ್ತಾಗೋದು ಹೇಗೆ?

ಉತ್ತರ:

ಕನ್ನಡಿಗೆ ಸದ್ಯ ಕೈ ಹಚ್ಚಬೇಡಿ. ಲೇಸರಿಗೆ ದುಡ್ಡೂ ಹಾಕಬೇಡಿ. ಮನೆಯಲ್ಲಿ ಹೊಲಿಗೆ ಟೇಪ್ ಇದ್ದರೆ ತಗೊಂಡು ಟೆಲಿಸ್ಕೋಪಿನ ಟ್ಯೂಬ್ ಎಷ್ಟು ಉದ್ದ ಇದೆ ಅಂತ ಅಳೆಯಿರಿ.

ಯಾಕೆ ಅಂತ ಹೇಳುತ್ತೇನೆ. ಡಬ್ಬದ ಮೇಲಿನ 127 ಅಂದರೆ ಕನ್ನಡಿಯ ಅಗಲ. 1000 ಅಂದರೆ ಫೋಕಲ್ ಉದ್ದ, ಕನ್ನಡಿಯಿಂದ ಬೆಳಕು ಒಂದೆಡೆ ಕೂಡುವ ಜಾಗದವರೆಗಿನ ದೂರ. ಕನ್ನಡಿ ಇರುವ ಸಾಮಾನ್ಯ ಟೆಲಿಸ್ಕೋಪಿಗೆ ನ್ಯೂಟೋನಿಯನ್ ಅನ್ನುತ್ತಾರೆ. ಅದರಲ್ಲಿ ಫೋಕಲ್ ಉದ್ದ 1000 ಮಿ.ಮೀ. ಇದ್ದರೆ ಟ್ಯೂಬೂ ಹತ್ತಿರ ಹತ್ತಿರ ಒಂದು ಮೀಟರ್ ಇರಲೇಬೇಕು. ನಿಮ್ಮದು ಅರ್ಧ ಮೀಟರ್ ಮಾತ್ರ ಇದ್ದರೆ, ಅದು ಬರ್ಡ್-ಜೋನ್ಸ್ ಅಥವಾ ಜೋನ್ಸ್-ಬರ್ಡ್ ಅನ್ನುವ ಬೇರೆ ಜಾತಿ. ಒಳಗಿನ ಕನ್ನಡಿ ಅಗ್ಗದ ಗೋಳಾಕಾರದ್ದು, ಅದರ ಫೋಕಲ್ ಉದ್ದ 1000ದ ಅರ್ಧದಷ್ಟೇ. ಕಣ್ಣಿಟ್ಟು ನೋಡುವ ಲೆನ್ಸ್, ಅಂದರೆ ಐಪೀಸ್, ಕೂರಿಸುವ ಫೋಕಸರ್ ಕೊಳವೆಯ ಬುಡದಲ್ಲಿ ಒಂದು ಪುಟ್ಟ ಲೆನ್ಸ್ ಅಂಟಿಸಿ ಉಳಿದದ್ದನ್ನು ಹಿಗ್ಗಿಸಿರುತ್ತಾರೆ. ಫೋಕಸರ್ ಒಳಗೆ ಇಣುಕಿದರೆ ಆ ಲೆನ್ಸ್ ಕಾಣುತ್ತದೆ. 127, 1000 ಅನ್ನುವ ಜೋಡಿ ಸಂಖ್ಯೆ ನೋಡಿದಾಗಲೇ ನನಗೆ ಅನುಮಾನ ಬಂತು, ಆದರೂ ಟೇಪು ಹಿಡಿಯದೆ ಖಚಿತವಾಗಿ ಹೇಳುವುದಿಲ್ಲ.

ಈಗ ಲೇಸರ್ ಸಲಹೆ ನೋಡಿ. ಎರಡು ಕನ್ನಡಿಗಳನ್ನು ಒಂದೇ ಸಾಲಿಗೆ ತರುವುದು ಕೊಲಿಮೇಶನ್. ಮಾಮೂಲಿ ನ್ಯೂಟೋನಿಯನ್ನಿಗೆ ಲೇಸರ್ ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಬರ್ಡ್-ಜೋನ್ಸಿನಲ್ಲಿ ಲೇಸರ್ ಕಿರಣ ಆ ಪುಟ್ಟ ಲೆನ್ಸನ್ನು ದಾಟಿ ಹೋಗಬೇಕು. ದಾಟುವಾಗ ಹರಡಿಕೊಳ್ಳುತ್ತದೆ, ಪಕ್ಕಕ್ಕೂ ಸರಿಯಬಹುದು. ಕನ್ನಡಿ ಮೇಲೆ ಚುಕ್ಕೆಯ ಬದಲು ಕೆಂಪು ಮಸಿ ಹಚ್ಚಿದ ಹಾಗೆ ಕಾಣುತ್ತದೆ. ಅದನ್ನು ನಂಬಿ ಸ್ಕ್ರೂ ತಿರುಗಿಸಿದರೆ ಸರಿ ಇದ್ದದ್ದೂ ಕೆಡುತ್ತದೆ. ಸಲಹೆ ಕೊಟ್ಟವರು ಸುಳ್ಳು ಹೇಳಲಿಲ್ಲ. ತಮ್ಮ ಟೆಲಿಸ್ಕೋಪಿಗೆ ಸರಿಯಾದ ಉತ್ತರವನ್ನು ನಿಮ್ಮ ಟೆಲಿಸ್ಕೋಪಿಗೆ ಕೊಟ್ಟರು, ಅಷ್ಟೇ. ಫೋರಂಗಳಲ್ಲಿ ಪೂರ್ತಿ ತಪ್ಪು ಸಲಹೆ ಕಡಿಮೆ. ಇಂಥ ಬೇರೆಯವರ ಮನೆಯ ಸರಿ ಉತ್ತರಗಳೇ ಜಾಸ್ತಿ.

ಅದಕ್ಕೇ ನಾನು ಮೊದಲು ನೋಡುವುದು, ಉತ್ತರ ಕೊಡುವ ಮೊದಲು ಯಾರಾದರೂ ಏನಾದರೂ ಕೇಳಿದರಾ ಅಂತ. ನಿಮ್ಮ ಮೂವರಲ್ಲಿ ಒಬ್ಬರೂ ಕೇಳಲಿಲ್ಲ. ಯಾವ ಐಪೀಸ್ ಹಾಕಿದ್ದಿರಿ ಅಂತಲೂ ಕೇಳಲಿಲ್ಲ! ಈ ಬಗೆಯ ಡಬ್ಬದಲ್ಲಿ ಸಾಮಾನ್ಯವಾಗಿ 20 ಮಿ.ಮೀ. ಮತ್ತು 4 ಮಿ.ಮೀ. ಐಪೀಸ್ ಬರುತ್ತವೆ, ಜೊತೆಗೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಲೆನ್ಸ್. 1000ವನ್ನು 20ರಿಂದ ಭಾಗಿಸಿ, 50 ಪಟ್ಟು. 4ರಿಂದ ಭಾಗಿಸಿ, 250 ಪಟ್ಟು. ಬಾರ್ಲೋ ಸೇರಿಸಿದರೆ 750. ಡಬ್ಬದ ಮೇಲೆ ಆ 750 ದೊಡ್ಡದಾಗಿ ಬರೆದಿರುತ್ತಾರೆ. ನನ್ನ ಅನುಭವದಲ್ಲಿ ಈ ಜಾತಿಯ ಟೆಲಿಸ್ಕೋಪ್ 100 ಪಟ್ಟಿನ ಆಸುಪಾಸಿನಲ್ಲೇ ಸುಸ್ತಾಗುತ್ತದೆ. ಚಂದ್ರ ಪರವಾಗಿಲ್ಲ, ಗುರು ಹತ್ತಿ ಉಂಡೆ ಅಂತೀರಲ್ಲ, ಚಂದ್ರನಿಗೆ 20 ಮಿ.ಮೀ. ಹಾಕಿ ಗುರುವಿಗೆ 4 ಮಿ.ಮೀ. ಹಾಕಿದ್ದೀರಿ ಅನ್ನಿಸುತ್ತದೆ. ಹೌದಾದರೆ ನಿಮ್ಮ ಕಾಯಿಲೆ ಅರ್ಧ ಅಲ್ಲೇ ಇದೆ. ಗುರು ನಮಗೆ ಹತ್ತಿರ ಬಂದ ತಿಂಗಳುಗಳಲ್ಲಿ 50 ಪಟ್ಟಿಗೆ ಬರಿಗಣ್ಣಿನ ಚಂದ್ರನಷ್ಟು ದೊಡ್ಡದಾಗುತ್ತದೆ. ಅಷ್ಟು ಸಾಕು. ನಾಲ್ಕು ಉಪಗ್ರಹಗಳು ಸೂಜಿ ಮೊನೆಯ ಹಾಗೆ ಕಂಡರೆ ಟೆಲಿಸ್ಕೋಪ್ ಬದುಕಿದೆ ಅಂತ ಲೆಕ್ಕ.

ಇನ್ನು ತೊಳೆಯುವ ಸಲಹೆ. ಇದರಲ್ಲಿ ನನಗೆ ಸ್ವಂತ ಗಾಯ ಇದೆ. ಪುಣೆಗೆ ಬಂದ ಹೊಸತರಲ್ಲಿ ಒಂದು ಗುಂಪಿನಲ್ಲಿ ಯಾರೋ ಹೇಳಿದರು ಅಂತ ಕಿಟಕಿ ಗಾಜು ಒರೆಸುವ ದ್ರಾವಣ ಹಾಕಿ ಹಳೆ ಬನಿಯನ್ನಿನಿಂದ ಕನ್ನಡಿ ಉಜ್ಜಿದೆ. ಮನೆಯ ಕನ್ನಡಿಗೆ ಲೇಪ ಗಾಜಿನ ಹಿಂದೆ ಇರುತ್ತದೆ. ಟೆಲಿಸ್ಕೋಪಿನ ಕನ್ನಡಿಗೆ ಅಲ್ಯೂಮಿನಿಯಂ ಲೇಪ ಮುಂದೆಯೇ ಇರುತ್ತದೆ, ಕೂದಲಿಗಿಂತ ಎಷ್ಟೋ ಪಟ್ಟು ತೆಳು. ಧೂಳಿನ ಕಣವೇ ಮರಳು ಕಾಗದದ ಕೆಲಸ ಮಾಡಿತು. ಕನ್ನಡಿ ತುಂಬ ಗೀರು. ಆಮೇಲೆ ಆ ಗುಂಪಿಗೆ ಹೋಗಿ ನೋಡಿದರೆ, ಆ ಸಲಹೆ ಮೇಲಕ್ಕೆ ಸರಿದು ಮಾಯ. ಅದರ ಕೆಳಗೆ ಗುಡ್ ಮಾರ್ನಿಂಗ್ ಚಿತ್ರಗಳು. ನನ್ನ ಹಿಂದೆ ಬಂದವರಿಗೆ ಎಚ್ಚರಿಕೆ ಹೇಳಲು ಜಾಗವೇ ಇರಲಿಲ್ಲ.

ನಿಜ ಹೇಳಬೇಕೆಂದರೆ ಕನ್ನಡಿಯ ಮೇಲಿನ ಧೂಳು ಚಿತ್ರವನ್ನು ಮಸುಕು ಮಾಡುವುದೇ ಇಲ್ಲ. ಸ್ವಲ್ಪ ಬೆಳಕು ತಿನ್ನುತ್ತದೆ, ಅಷ್ಟೇ. ಟಾರ್ಚ್ ಬಿಟ್ಟು ನೋಡಿದರೆ ಎಂಥ ಕನ್ನಡಿಯೂ ಕೊಳಕಾಗೇ ಕಾಣುತ್ತದೆ. ಜೊತೆಗೆ, ತೊಳೆಯಲು ಕನ್ನಡಿ ಬಿಚ್ಚಿದರೆ ಕೊಲಿಮೇಶನ್ ಹೋಯಿತು. ವಾಪಸ್ ಹೊಂದಿಸಲು ಬಾರದವರಿಗೆ ಅದನ್ನು ಮೊದಲ ಹೆಜ್ಜೆಯಾಗಿ ಹೇಳಬಾರದು. ಒಳ್ಳೆಯ ಸಲಹೆಗಾರರು ಮೊದಲು ಕಾಸು ಖರ್ಚಿಲ್ಲದ್ದು, ಬೇಡವೆಂದರೆ ಹಿಂದಕ್ಕೆ ಬರಬಹುದಾದದ್ದು ಹೇಳುತ್ತಾರೆ. ಐಪೀಸ್ ಬದಲಿಸಿ, ಟೆಲಿಸ್ಕೋಪನ್ನು ಅರ್ಧ ಗಂಟೆ ಹೊರಗಿಡಿ, ಕಾಂಕ್ರೀಟ್ ಟೆರೇಸಿನ ಬದಲು ಮಣ್ಣಿನ ನೆಲದಿಂದ ನೋಡಿ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹತ್ತು ಗಂಟೆವರೆಗೂ ಬಿಸಿ ಗಾಳಿ ಬಿಡುತ್ತಿರುತ್ತದೆ, ಅದೊಂದೇ ಸಾಕು ಗುರುವನ್ನು ಕಲಕಲು. ಸ್ಪ್ಯಾನರ್ ಕೊನೆಗೆ.

ಸರಿ, ಇಂಥ ಸಲಹೆಗಾರರು ಸಿಗುವುದೆಲ್ಲಿ? ಟೆಲಿಸ್ಕೋಪಿನ ಮಟ್ಟಿಗೆ ಮೊದಲು ನೋಡಬೇಕಾದದ್ದು ಕ್ಲೌಡಿ ನೈಟ್ಸ್, ಅಮೆರಿಕದ ಫೋರಂ. ಹೊಸಬರಿಗೆ, ಕನ್ನಡಿ ಟೆಲಿಸ್ಕೋಪಿಗೆ, ಸ್ವಂತ ಕೈಯಿಂದ ಮಾಡುವವರಿಗೆ, ಹೀಗೆ ಬೇರೆ ಬೇರೆ ವಿಭಾಗ ಇವೆ. ರಾಜಕೀಯ, ಧರ್ಮ ಎರಡೂ ಅಲ್ಲಿ ನಿಷೇಧ. ಇನ್ನೊಂದು ಬ್ರಿಟನ್ನಿನ ಸ್ಟಾರ್‌ಗೇಜರ್ಸ್ ಲೌಂಜ್, ಮಾತು ಇನ್ನೂ ಮೆತ್ತಗೆ. ರೆಡಿಟ್‌ನಲ್ಲಿ r/telescopes ಇದೆ, ಉತ್ತರ ಬೇಗ ಬರುತ್ತದೆ. ಆದರೆ ಅಲ್ಲಿ ವೋಟು ಬಿದ್ದ ಉತ್ತರ ಮೇಲಿರುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಬಂದ ಸುಲಭದ ಮಾತಿಗೆ ವೋಟು ಜಾಸ್ತಿ. ಆರು ಗಂಟೆ ಬಿಟ್ಟು ಬಂದ ತಿದ್ದುಪಡಿ ತಳದಲ್ಲಿ ಕೂತಿರುತ್ತದೆ. ಅಲ್ಲಿ ಓದುವಾಗ ಕೆಳಗಿನವರೆಗೂ ಹೋಗಿ. ಹಳೆ ಬಗೆಯ ಫೋರಂಗಳಲ್ಲಿ ಉತ್ತರಗಳು ಬಂದ ಸರದಿಯಲ್ಲೇ ಇರುತ್ತವೆ, ತಪ್ಪಿನ ಕೆಳಗೇ ತಿದ್ದುಪಡಿ ಸಿಗುತ್ತದೆ.

ಜೀವ ಇದೆಯಾ ಇಲ್ಲವಾ ಅಂತ ನೋಡಲು ಸದಸ್ಯರ ಸಂಖ್ಯೆ ಬೇಡ. ಲಕ್ಷ ಸದಸ್ಯರಿದ್ದೂ ಸತ್ತ ಫೋರಂ ಬೇಕಾದಷ್ಟಿವೆ. ನಿಮಗೆ ಬೇಕಾದ ವಿಭಾಗ ಮಾತ್ರ ತೆರೆಯಿರಿ. ಎರಡು ವಾರದ ಹಿಂದಿನ ಪ್ರಶ್ನೆಗಳಿಗೆ ಇಳಿಯಿರಿ. ಅವುಗಳಲ್ಲಿ ಎಷ್ಟಕ್ಕೆ ಒಂದೂ ಉತ್ತರ ಇಲ್ಲ? ಉತ್ತರ ಕೊಟ್ಟವರು ಒಬ್ಬರೋ ಇಬ್ಬರೋ ಅಥವಾ ಏಳೆಂಟು ಬೇರೆ ಬೇರೆ ಜನವೋ? ಒಬ್ಬರೇ ಎಲ್ಲದಕ್ಕೂ ಉತ್ತರಿಸುವ ಜಾಗ ಫೋರಂ ಅಲ್ಲ, ಅದು ಅವರ ದರ್ಬಾರು.

ನಿಗಾ ಹೇಗಿದೆ ಅಂತ ತಿಳಿಯಲು ನನ್ನ ಒಂದು ಉಪಾಯ ಹೇಳುತ್ತೇನೆ. ನಾನೂ ಆರು ವರ್ಷ ಒಂದು ಪುಟ್ಟ ಗುಂಪಿನಲ್ಲಿ ಮಾಡರೇಟರ್ ಆಗಿದ್ದೆ, ಅಲ್ಲಿ ಕಲಿತದ್ದು. ಉತ್ತರ ನಿಮಗೆ ಮೊದಲೇ ಗೊತ್ತಿರುವ ಒಂದು ಪ್ರಶ್ನೆ ಹಿಡಿದು ಫೋರಮ್ಮನ್ನು ಪರೀಕ್ಷೆ ಮಾಡಿ. ಹೊಸಬರಿಗೂ ಒಂದು ಪ್ರಶ್ನೆ ಸಾಕು, ಅದರ ಉತ್ತರ ಈಗಲೇ ಕೊಡುತ್ತೇನೆ. ಹಳೆಯ ಅಗ್ಗದ ಟೆಲಿಸ್ಕೋಪುಗಳ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಒಂದು ಕಪ್ಪು ಗಾಜಿನ ಬಿಲ್ಲೆ ಬರುತ್ತಿತ್ತು, ಸೂರ್ಯನನ್ನು ನೋಡಲು ಅಂತ. ಅದನ್ನು ಎಂದೂ ಬಳಸಬಾರದು. ಟೆಲಿಸ್ಕೋಪ್ ಅಷ್ಟೂ ಬಿಸಿಲನ್ನು ಕೂಡಿಸಿ ತಂದು ಆ ಬಿಲ್ಲೆಯ ಹತ್ತಿರವೇ ಸುರಿಯುತ್ತದೆ. ಗಾಜು ಕಾದು ಫಟ್ಟನೆ ಸೀಳುತ್ತದೆ, ಕಣ್ಣು ಮುಚ್ಚಲೂ ಪುರುಸೊತ್ತು ಸಿಗುವುದಿಲ್ಲ. ಸೂರ್ಯನ ಫಿಲ್ಟರ್ ಯಾವಾಗಲೂ ಟ್ಯೂಬಿನ ಮುಂದಿನ ಬಾಯಿಗೆ, ಬಿಸಿಲು ಒಳಗೆ ಬರುವ ಮೊದಲೇ ಹಾಕಬೇಕು. ನಿಮ್ಮ ಡಬ್ಬದಲ್ಲೂ ಆ ಬಿಲ್ಲೆ ಇದ್ದರೆ ಸುತ್ತಿಗೆಯಿಂದ ಪುಡಿ ಮಾಡಿ ಕಸಕ್ಕೆ ಹಾಕಿ. ಮನೆಯಲ್ಲಿ ಮಕ್ಕಳಿದ್ದರೆ ಇವತ್ತೇ.

ಈಗ ಗೂಗಲ್‌ನಲ್ಲಿ ಹೀಗೆ ಹಾಕಿ ಹುಡುಕಿ, ಬೇರೆ ಫೋರಮ್ಮಿಗೆ ಅದರ ವಿಳಾಸ ಬದಲಿಸಿ:

```
site:cloudynights.com eyepiece sun filter
site:cloudynights.com jones-bird collimation
```

ಮೊದಲ ಸಾಲಿನದು ಪರೀಕ್ಷೆ. ಎಷ್ಟನೇ ಉತ್ತರದಲ್ಲಿ ‘ಅಪಾಯ’ ಅನ್ನುವ ಮಾತು ಬಂತು ನೋಡಿ. ‘ನಾನು ಹತ್ತು ವರ್ಷ ಬಳಸಿದ್ದೇನೆ, ಏನೂ ಆಗಿಲ್ಲ’ ಅನ್ನುವವರು ಎಲ್ಲೆಡೆ ಒಬ್ಬರು ಇದ್ದೇ ಇರುತ್ತಾರೆ. ಅವರಿಗೆ ಏನಾಯಿತು ಅನ್ನುವುದೇ ಮುಖ್ಯ. ಕೆಟ್ಟ ಜಾಗದಲ್ಲಿ ಅವರ ಮಾತು ಹಾಗೇ ನಿಂತಿರುತ್ತದೆ, ಇಲ್ಲವೇ ಜಗಳ ಶುರುವಾಗಿ ಯಾರೋ ಯಾರನ್ನೋ ಮೂರ್ಖ ಅಂದಿರುತ್ತಾರೆ. ಒಳ್ಳೆಯ ಜಾಗದಲ್ಲಿ ಕೆಳಗೇ ಒಬ್ಬರು ಗಾಜು ಯಾಕೆ ಸೀಳುತ್ತದೆ ಅಂತ ಕಾರಣ ಸಮೇತ ಬರೆದಿರುತ್ತಾರೆ. ಕಾರಣ ಇಲ್ಲದೆ ಸುಮ್ನೆ ಅಳಿಸಿಬಿಡುವ ಮಾಡರೇಟರ್ ಕೂಡ ನನಗೆ ಅಷ್ಟು ಇಷ್ಟವಿಲ್ಲ. ಅಳಿಸಿದ ತಪ್ಪನ್ನು ಮುಂದಿನ ತಿಂಗಳು ಇನ್ನೊಬ್ಬರು ಮತ್ತೆ ಬರೆಯುತ್ತಾರೆ.

ಇನ್ನೊಂದು ಗಮನಿಸಿ. ‘ಇದನ್ನು ಕೊಳ್ಳಿ’ ಅನ್ನುವವರು ಅದನ್ನೇ ಮಾರುವವರೂ ಆಗಿದ್ದರೆ, ಅವರ ಹೆಸರಿನ ಪಕ್ಕ ಅದು ಕಾಣಬೇಕು. ಮಾರುವವರ ಸಲಹೆ ತಪ್ಪಿರಲೇಬೇಕೆಂದಿಲ್ಲ, ಎಷ್ಟೋ ಸಲ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಆದರೆ ನಿಮಗೆ ಅದು ಗೊತ್ತಿರಬೇಕು ಅಲ್ವಾ?

ಎರಡನೇ ಸಾಲಿನದು ನಿಮ್ಮ ನಿಜವಾದ ಹುಡುಕಾಟ. ಸಿಕ್ಕ ಚರ್ಚೆಗಳ ಕೊನೆಯ ಪುಟಕ್ಕೆ ಮೊದಲು ಹೋಗಿ. ಕೇಳಿದವರು ವಾಪಸ್ ಬಂದು ‘ನೀವು ಹೇಳಿದಂತೆ ಮಾಡಿದೆ, ಹೀಗಾಯಿತು’ ಅಂತ ಬರೆದಿದ್ದಾರಾ? ಒಂದು ಸಲಹೆ ಸರಿಯೋ ತಪ್ಪೋ ಅಂತ ಅಲ್ಲಿ ಮಾತ್ರ ತಿಳಿಯುತ್ತದೆ. ಹೆಸರಿನ ಕೆಳಗೆ ಹತ್ತು ಸಾವಿರ ಪೋಸ್ಟ್ ಅಂತಿದ್ದರೆ ಅವರು ತುಂಬ ಮಾತಾಡಿದ್ದಾರೆ ಅಂತಷ್ಟೇ ಅರ್ಥ.

ಹಾಗೆ ಓದಿಯೂ ಬಗೆಹರಿಯದಿದ್ದರೆ ಆಗ ಕೇಳಿ. ‘ಗುರು ಮಸುಕು, ಏನು ಮಾಡಲಿ’ ಅಂತ ಕೇಳಿದರೆ ವಾಟ್ಸಾಪಿನ ಮೂರು ಉತ್ತರಗಳೇ ಇಂಗ್ಲಿಷಿನಲ್ಲಿ ಬರುತ್ತವೆ. ಟ್ಯೂಬಿನ ಉದ್ದ, ಡಬ್ಬದ ಮೇಲಿನ ಎರಡು ಸಂಖ್ಯೆ, ಯಾವ ಐಪೀಸಿನಲ್ಲಿ ಹೇಗೆ ಕಂಡಿತು, ಗುರು ಎಷ್ಟು ಮೇಲಿತ್ತು, ಎಲ್ಲಿ ನಿಂತು ನೋಡಿದಿರಿ, ಇಷ್ಟನ್ನು ಬರೆಯಿರಿ. ಜೊತೆಗೆ ನಕ್ಷತ್ರ ಪರೀಕ್ಷೆಯ ಫಲ ಕೊಡಿ. ಅದು ಹೀಗೆ: ಒಂದು ನಕ್ಷತ್ರವನ್ನು ನಡುಮಧ್ಯೆ ತಂದು ಫೋಕಸನ್ನು ಸ್ವಲ್ಪವೇ ಕೆಡಿಸಿ. ಬೆಳಕಿನ ಬಳೆಗಳು ಕಾಣುತ್ತವೆ, ನಡುವೆ ಕಪ್ಪು ಚುಕ್ಕೆ. ಚುಕ್ಕೆ ನಡುವಿಗಿದ್ದು ಬಳೆಗಳು ಒಂದರೊಳಗೊಂದು ಸರಿಯಾಗಿ ಕೂತಿದ್ದರೆ ಕೊಲಿಮೇಶನ್ ಸರಿ ಇದೆ. ಎಲ್ಲ ಒಂದು ಬದಿಗೆ ವಾಲಿದ್ದರೆ ಅದೇ ತೊಂದರೆ. ಬಳೆಗಳು ಕುದಿಯುವ ನೀರಿನ ಹಾಗೆ ನಡುಗಿದರೆ ತಪ್ಪು ಗಾಳಿಯದು, ಟೆಲಿಸ್ಕೋಪಿನದಲ್ಲ. ಇಷ್ಟನ್ನು ಬರೆದವರಿಗೆ ತಿಳಿದವರು ಸಮಯ ಕೊಡುತ್ತಾರೆ.

ಬರುವ ಉತ್ತರವನ್ನೂ ಇದೇ ತಕ್ಕಡಿಯಲ್ಲಿ ತೂಗಿ. ‘ಕೊಲಿಮೇಶನ್ ಕೆಟ್ಟಿದೆ’ ಅಂದರೆ ಅರ್ಧ ಉತ್ತರ. ‘ಕೊಲಿಮೇಶನ್ ಕೆಟ್ಟಿದ್ದರೆ ಬಳೆಗಳು ವಾಲಿರುತ್ತವೆ, ವಾಲಿಲ್ಲದಿದ್ದರೆ ನನ್ನ ಊಹೆ ತಪ್ಪು’ ಅಂದರೆ ಪೂರ್ತಿ ಉತ್ತರ. ತಾವು ತಪ್ಪಿದ್ದರೆ ಹೇಗೆ ಗೊತ್ತಾಗುತ್ತದೆ ಅಂತ ತಾವೇ ಹೇಳುವವರನ್ನು ನಾನು ಗುರುತಿಟ್ಟುಕೊಂಡು, ಅವರ ಹಳೆಯ ಬರಹಗಳನ್ನೂ ಹುಡುಕಿ ಓದುತ್ತೇನೆ.

ಇಷ್ಟೆಲ್ಲ ಆದಮೇಲೂ ಒಂದು ತೊಡಕು ಉಳಿಯುತ್ತದೆ. ಆ ಫೋರಂಗಳ ಒಳ್ಳೆಯ ಜನ ಪುಣೆಯಲ್ಲಿಲ್ಲ. ನಕ್ಷತ್ರ ಪರೀಕ್ಷೆಗೆ ಧ್ರುವ ನಕ್ಷತ್ರ ಹಿಡಿಯಿರಿ, ಅದು ಜಾಗ ಬಿಟ್ಟು ಕದಲುವುದಿಲ್ಲ ಅಂತ ಅವರು ಹೇಳುತ್ತಾರೆ. ಲಂಡನ್ನಿನವರಿಗೆ ಅದು ಚಿನ್ನದಂಥ ಸಲಹೆ, ಅಲ್ಲಿ ಧ್ರುವ 51 ಡಿಗ್ರಿ ಎತ್ತರದಲ್ಲಿದೆ. ನಮಗೆ ಪುಣೆಯಲ್ಲಿ ಅದು ಹದಿನೆಂಟೂವರೆ ಡಿಗ್ರಿಯಲ್ಲಿ ಕೂತಿದೆ. ಅಷ್ಟು ಕೆಳಗೆ ನೋಡಿದರೆ ನೆತ್ತಿಯ ಮೇಲಿರುವುದಕ್ಕಿಂತ ಮೂರು ಪಟ್ಟು ಗಾಳಿಯ ಮೂಲಕ ನೋಡಬೇಕು. ಚಿಂಚವಡದ ಕಡೆ ಪಕ್ಕದ ಸೊಸೈಟಿಯ ಕಟ್ಟಡ ಅಡ್ಡ ಬಾರದಿದ್ದರೆ ಅದೇ ಪುಣ್ಯ. ಬಳೆಗಳು ಕುದಿಯುತ್ತವೆ, ನೀವು ಟೆಲಿಸ್ಕೋಪನ್ನು ಬೈಯುತ್ತೀರಿ. ನೆತ್ತಿಯ ಹತ್ತಿರದ ಯಾವುದಾದರೂ ನಕ್ಷತ್ರ ಹಿಡಿಯಿರಿ. ಅದು ಸರಿಯುತ್ತಿರುತ್ತದೆ, ನಾಬ್ ತಿರುಗಿಸಿ ಹಿಂಬಾಲಿಸಬೇಕು, ಅಷ್ಟೇ ಕಷ್ಟ.

ಮಳೆಗಾಲದ್ದೂ ಹಾಗೆಯೇ. ಅರಿಜೋನಾದ ಮರುಭೂಮಿಯವರು ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ ಅಂತ ನಿಮಗೆ ಯಾಕೆ ಎಚ್ಚರಿಸುತ್ತಾರೆ? ಪುಣೆ ಪರವಾಗಿಲ್ಲ, ಮುಂಬೈ, ಗೋವಾದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐಪೀಸ್ ಬಟ್ಟೆಯ ಚೀಲದಲ್ಲಿಟ್ಟರೆ ಗಾಜಿನೊಳಗೆ ಜೇಡರ ಬಲೆ ಹೆಣೆದ ಹಾಗೆ ಬೂಸ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಇದನ್ನು ಹೇಳಿಕೊಟ್ಟವರು ಯಾವ ಫೋರಮ್ಮಿನವರೂ ಅಲ್ಲ, ಕೊಂಕಣದಲ್ಲಿ ನಾಲ್ಕು ಮಳೆಗಾಲ ಕಂಡ ಒಬ್ಬ ಹಿರಿಯರು.

ಅದಕ್ಕೇ ಫೋರಂ ಜೊತೆಗೆ ಊರಿನ ಒಂದು ಕಟ್ಟೆ ಬೇಕು. ಈ ವಿಷಯದಲ್ಲಿ ನೀವು ಅದೃಷ್ಟವಂತರು. ಪುಣೆಯ ಹವ್ಯಾಸಿ ಆಕಾಶ ವೀಕ್ಷಕರ ಸಂಘ ಜ್ಯೋತಿರ್ವಿದ್ಯಾ ಪರಿಸಂಸ್ಥಾ 1944ರಿಂದ ಇದೆ, ತಿಲಕ್ ರೋಡಿನ ತಿಲಕ ಸ್ಮಾರಕ ಮಂದಿರದಲ್ಲಿ. ವಿಶ್ವವಿದ್ಯಾಲಯದ ಆವರಣದಲ್ಲಿ ಐಯುಕಾ ಅನ್ನುವ ಖಗೋಳ ಸಂಶೋಧನಾ ಕೇಂದ್ರ ಇದೆ, ಅಲ್ಲಿ ಟೆಲಿಸ್ಕೋಪ್ ಮಾಡುವ ಶಿಬಿರಗಳನ್ನೂ ನಡೆಸಿದ್ದಾರೆ. ಈ ಉತ್ತರ ಓದುತ್ತಿರುವ ಗೋವಾದವರಿಗೆ ಪಣಜಿಯ ಸಾರ್ವಜನಿಕ ವೀಕ್ಷಣಾಲಯ ಇದೆ. ಮಾತೆಲ್ಲ ಮರಾಠಿಯಲ್ಲಿ ನಡೆಯುತ್ತದೆ ಅಂತ ಹಿಂಜರಿಯಬೇಡಿ. ‘ಆರಸಾ’ ಅಂದರೆ ಕನ್ನಡಿ, ‘ದುರ್ಬೀಣ’ ನಮ್ಮ ದುರ್ಬೀನೇ. ಉಳಿದದ್ದು ಕೈಸನ್ನೆಯಲ್ಲೇ ಆಗುತ್ತದೆ. ಟೆಲಿಸ್ಕೋಪನ್ನು ರಿಕ್ಷಾದಲ್ಲಿ ಹೊತ್ತೊಯ್ದು, ಬಳಸಿ ಅಭ್ಯಾಸ ಇರುವ ಒಬ್ಬರ ಕಣ್ಣಿಗೆ ಒಡ್ಡಿದರೆ ಐದು ನಿಮಿಷದಲ್ಲಿ ಗೊತ್ತಾಗುವುದನ್ನು ಫೋರಮ್ಮಿನಲ್ಲಿ ತಿಳಿಯಲು ಒಂದು ವಾರ ಬೇಕು. ಫೋರಮ್ಮಿನ ಸಲಹೆಯನ್ನು ಅವರ ಮುಂದಿಟ್ಟು ‘ಇದು ಇಲ್ಲಿಗೆ ನಡೆಯುತ್ತದಾ’ ಅಂತ ಕೇಳಿ.

ಮಾರಿಬಿಡಿ ಅಂದವರ ಮಾತನ್ನು ಮರೆತಿಲ್ಲ. ನೆತ್ತಿಯ ನಕ್ಷತ್ರದಲ್ಲಿ ಬಳೆಗಳು ಸರಿಯಾಗಿ ಕೂತಿವೆ, ಗಾಳಿಯೂ ಶಾಂತ, 20 ಮಿ.ಮೀ. ಐಪೀಸಿನಲ್ಲೂ ಗುರುವಿನ ಅಂಚು ಗಟ್ಟಿಯಾಗುತ್ತಿಲ್ಲ ಅಂದರೆ ತಪ್ಪು ಗಾಜಿನದ್ದೇ. ಅದನ್ನು ಯಾವ ಸ್ಕ್ರೂ ಕೂಡ ಸರಿಪಡಿಸುವುದಿಲ್ಲ, ಆಗ ಮೂರನೆಯವರು ಗೆದ್ದರು. ಮೊದಲು ಟೇಪು ಹಿಡಿದು ಅಳೆಯಿರಿ. ಎಷ್ಟು ಬಂತು ಅಂತ ನನಗೂ ಬರೆಯಿರಿ, ಆ ವಾಟ್ಸಾಪ್ ಗುಂಪಿನವರಿಗೂ.